ಒಂದೂವರೆ ಮಿಲಿಮೀಟರ್ ಸೂಜಿ ಮನೆಯಲ್ಲಿ ಬೇಡ

ಪ್ರಶ್ನೆ: ನನಗ 29 ವರ್ಷ, ಊರು ಜಮಖಂಡಿ. ಎಂಟ ತಿಂಗಳಿಂದ ದಿನಾ ಎರಡ ಸಲ ಶೇ 5ರ ಮಿನಾಕ್ಸಿಡಿಲ್ ಹಚ್ಚಾಕತ್ತೀನಿ. ಉದುರೂದು ಕಡಿಮಿ ಆಗೇತಿ, ಆದ್ರ ನೆತ್ತಿ ಮ್ಯಾಲ ಕೂದಲಾ ತುಂಬಿಲ್ಲ. ಹೋದ ತಿಂಗಳ ಆನ್‌ಲೈನ್‌ನ್ಯಾಗ 1.5 ಮಿ.ಮೀ. ಸೂಜಿ ಇರೂ ಡರ್ಮಾರೋಲರ್ ತರಿಸಿ ನೆತ್ತಿ ಮ್ಯಾಲ ವಾರಕ್ಕ ಎರಡ ಸಲ ಉರಳಸ್ತೀನಿ, ಉರುಳಿಸಿದ ಕೂಡ್ಲೇ ಮಿನಾಕ್ಸಿಡಿಲ್ ಹಚ್ಚತೀನಿ. ಖಾರ ಸವರಿದಂಗ ಉರೀತೈತಿ. ಈಗ ಕೀವು ತುಂಬಿದ ಸಣ್ಣ ಗುಳ್ಳಿ ಎದ್ದಾವ. ರೋಲರ್ ಡೆಟಾಲ್ ನೀರಾಗ ತೊಳದ ಇಡತೀನಿ, ನನ್ನ ತಮ್ಮನೂ ಅದನ್ನ ಬಳಸ್ತಾನ. ಸೂಜಿ ಎಷ್ಟ ಉದ್ದ ಇರಬೇಕ್ರಿ, ಎಷ್ಟ ದಿನಕ್ಕೊಮ್ಮೆ ಮಾಡಬೇಕ್ರಿ, ಸ್ವಚ್ಛ ಹೆಂಗ ಮಾಡಬೇಕ್ರಿ?

ಉತ್ತರ: ಮೊದಲು ರೋಲರ್ ಬದಿಗಿಡಿ. ಕೀವುಗುಳ್ಳೆ ಇರುವ ನೆತ್ತಿಯ ಮೇಲೆ ಸೂಜಿ ಉರುಳಿಸಿದರೆ ಒಂದು ಗುಳ್ಳೆಯ ಸೋಂಕನ್ನು ನೂರಾರು ಹೊಸ ತೂತುಗಳಿಗೆ ಬಿತ್ತಿದಂತೆ. ಮಿನಾಕ್ಸಿಡಿಲನ್ನೂ ಉರಿ ಪೂರ್ತಿ ಇಳಿಯುವವರೆಗೆ ನಿಲ್ಲಿಸಿ. ಒಂದೆರಡು ವಾರ ಔಷಧಿ ತಪ್ಪಿದರೆ ಎಂಟು ತಿಂಗಳ ಶ್ರಮ ಹಾಳಾಗುವುದಿಲ್ಲ. ಗುಳ್ಳೆ ಕೂದಲಿನ ಬುಡದಲ್ಲೇ ಎದ್ದು, ಮುಟ್ಟಿದರೆ ನೋಯುತ್ತಿದ್ದು, ತುದಿಯಲ್ಲಿ ಹಳದಿ ಕೀವು ಇದ್ದರೆ ಅದು ಬಹುಮಟ್ಟಿಗೆ ಕೂದಲ ಬುಡದ ಸೋಂಕು. ಈ ವಾರದಲ್ಲೇ ಚರ್ಮರೋಗ ತಜ್ಞರಿಗೆ ತೋರಿಸಿ. ಹಾಗಲ್ಲದೆ ನೋವಿಗಿಂತ ತುರಿಕೆ ಹೆಚ್ಚಿದ್ದು, ಔಷಧಿ ಹರಿದು ಬಂದ ಹಣೆಯ ಅಂಚಿನಲ್ಲೂ ಕೆಂಪು ಮತ್ತು ಹೊಟ್ಟು ಕಂಡರೆ ಅದು ಔಷಧಿಯಲ್ಲಿರುವ ದ್ರಾವಣದ ಕಿರಿಕಿರಿ. ಮಿನಾಕ್ಸಿಡಿಲ್ ಕರಗಿಸಲು ಬಳಸುವ ಪ್ರೊಪಿಲೀನ್ ಗ್ಲೈಕಾಲ್ ಹಲವರಿಗೆ ಒಗ್ಗುವುದಿಲ್ಲ. ನಿಮ್ಮಲ್ಲಿ ಎರಡೂ ಒಟ್ಟಿಗೇ ಇರಬಹುದು. ಜ್ವರ ಬಂದರೆ, ಕಿವಿಯ ಹಿಂದೆ ಗಂಟು ಊದಿಕೊಂಡರೆ ವಾರ ಕಾಯುವ ಮಾತಿಲ್ಲ, ಅಂದೇ ಹೋಗಿ.

ತಮ್ಮನ ವಿಷಯ ನೀವು ಕೊನೆಗೆ ಬರೆದಿದ್ದೀರಿ, ನನಗೆ ಅದೇ ಎಲ್ಲಕ್ಕಿಂತ ದೊಡ್ಡದಾಗಿ ಕಾಣುತ್ತದೆ. 1.5 ಮಿ.ಮೀ. ಸೂಜಿ ರಕ್ತ ತರುತ್ತದೆ. ಕಣ್ಣಿಗೆ ಕಾಣದಷ್ಟು ರಕ್ತ ಸೂಜಿಯ ಬುಡದಲ್ಲಿ ಉಳಿದರೂ ಸಾಕು, ಹೆಪಟೈಟಿಸ್ ಬಿ ವೈರಸ್ ದೇಹದ ಹೊರಗೆ ಒಣಗಿದ ರಕ್ತದಲ್ಲಿ ಒಂದು ವಾರದವರೆಗೂ ಬದುಕಿರಬಲ್ಲದು. ಒಂದೇ ರೋಲರನ್ನು ಇಬ್ಬರು ಬಳಸುವುದೆಂದರೆ ಒಂದೇ ಇಂಜೆಕ್ಷನ್ ಸೂಜಿಯನ್ನು ಇಬ್ಬರಿಗೆ ಚುಚ್ಚಿದಂತೆ, ಅಣ್ಣತಮ್ಮಂದಿರಾದರೂ ಅಷ್ಟೇ. ವೈದ್ಯರ ಬಳಿ ಹೋದಾಗ ಇದನ್ನು ಮುಚ್ಚಿಡಬೇಡಿ. ಇಬ್ಬರೂ ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ ಮತ್ತು ಎಚ್‌ಐವಿ ರಕ್ತಪರೀಕ್ಷೆ ಮಾಡಿಸಿಕೊಳ್ಳಿ. ಹೊಸ ಸೋಂಕು ರಕ್ತದಲ್ಲಿ ಕಾಣಿಸಿಕೊಳ್ಳಲು ಸಮಯ ಬೇಕಾದ್ದರಿಂದ ಮತ್ತೆ ಯಾವಾಗ ಮಾಡಿಸಬೇಕೆಂದು ಅವರನ್ನೇ ಕೇಳಿ. ಹೆಪಟೈಟಿಸ್ ಬಿ ಲಸಿಕೆ ಆಗಿಲ್ಲದಿದ್ದರೆ ಅದನ್ನೂ ಕೇಳಿ. ಆ ರೋಲರನ್ನು ಇನ್ನು ಯಾರೂ ಮುಟ್ಟುವುದು ಬೇಡ.

ಈಗ ಸೂಜಿಯ ಉದ್ದಕ್ಕೆ ಬರೋಣ. 1.5 ಎಂಬ ಅಂಕಿ ನಿಮಗೆ ಎಲ್ಲಿಂದ ಬಂತೆಂದು ಊಹಿಸಬಲ್ಲೆ. ಮುಂಬಯಿಯ ವೈದ್ಯರು 2013ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಎಲ್ಲರೂ ಹಿಡಿದು ಹೇಳುತ್ತಾರೆ. ಅದರಲ್ಲಿ 100 ಗಂಡಸರನ್ನು ಎರಡು ಗುಂಪು ಮಾಡಿ, ಎರಡಕ್ಕೂ ದಿನಕ್ಕೆ ಎರಡು ಸಲ ಶೇ 5ರ ಮಿನಾಕ್ಸಿಡಿಲ್ ಕೊಟ್ಟು, ಒಂದು ಗುಂಪಿಗೆ ಮಾತ್ರ ವಾರಕ್ಕೊಮ್ಮೆ 1.5 ಮಿ.ಮೀ. ರೋಲರ್ ಉರುಳಿಸಿದರು. 12 ವಾರದ ನಂತರ ಗುರುತು ಮಾಡಿಟ್ಟ ಜಾಗದಲ್ಲಿ ಎಣಿಸಿದಾಗ ರೋಲರ್ ಗುಂಪಿನಲ್ಲಿ ಸರಾಸರಿ 91 ಕೂದಲು ಹೆಚ್ಚಿದ್ದವು, ಬರೀ ಮಿನಾಕ್ಸಿಡಿಲ್ ಗುಂಪಿನಲ್ಲಿ 22. ವ್ಯತ್ಯಾಸ ದೊಡ್ಡದೇ. ಆದರೆ ಆ ಅಧ್ಯಯನದ ಎರಡು ಸಂಗತಿ ಬಾಯಿಂದ ಬಾಯಿಗೆ ಬರುವಾಗ ಬಿದ್ದುಹೋಗಿವೆ. ರೋಲರ್ ಹಿಡಿದವರು ಆಸ್ಪತ್ರೆಯ ವೈದ್ಯರು. ಉರುಳಿಸಿದ ದಿನ ಮಿನಾಕ್ಸಿಡಿಲ್ ಹಚ್ಚುತ್ತಿರಲಿಲ್ಲ, 24 ಗಂಟೆ ಬಿಟ್ಟು ಶುರು ಮಾಡುತ್ತಿದ್ದರು.

ಎರಡನೆಯ ಸಂಗತಿಯಲ್ಲೇ ಈ ಚಿಕಿತ್ಸೆಯ ಗುಟ್ಟಿದೆ. ತೂತು ಮಾಡಿ ಅದರೊಳಗೆ ಔಷಧಿ ಇಳಿಸುವುದು ಇದರ ಉದ್ದೇಶ ಎಂದು ನೀವು ತಿಳಿದಂತಿದೆ. ಅಲ್ಲ. ಸಣ್ಣ ಗಾಯವಾದಾಗ ಚರ್ಮ ಅದನ್ನು ಮಾಯಿಸಲು ಬೆಳವಣಿಗೆಯ ರಾಸಾಯನಿಕಗಳನ್ನು ಹೊರಬಿಡುತ್ತದೆ, ಅವುಗಳಲ್ಲಿ ಕೆಲವು ಕೂದಲ ಬುಡದ ಕಾಂಡಕೋಶಗಳನ್ನೂ ಎಚ್ಚರಿಸುತ್ತವೆ ಎಂಬುದು ಇದರ ಹಿಂದಿನ ತರ್ಕ. ಕೆಲಸ ಮಾಡುವುದು ಗಾಯ ಮತ್ತು ಅದು ಮಾಯುವ ಕ್ರಿಯೆ. ಮಿನಾಕ್ಸಿಡಿಲ್ ಮರುದಿನದಿಂದ ತನ್ನ ಪಾಡಿಗೆ ತನ್ನ ಕೆಲಸ ಮಾಡಿಕೊಳ್ಳುತ್ತದೆ. ಗಟ್ಟಿ ಚರ್ಮದ ಮೇಲೆ ಹಚ್ಚಿದಾಗ ಅದರಲ್ಲಿ ಶೇ ಒಂದೆರಡರಷ್ಟು ಮಾತ್ರ ರಕ್ತಕ್ಕೆ ಸೇರುತ್ತದೆ. ತೂತಾದ ಚರ್ಮದ ಮೇಲೆ ಸುರಿದರೆ ಆ ಅಳತೆ ಯಾರ ಹಿಡಿತದಲ್ಲೂ ಇರುವುದಿಲ್ಲ. ಮಿನಾಕ್ಸಿಡಿಲ್ ಮೂಲತಃ ರಕ್ತದೊತ್ತಡ ಇಳಿಸುವ ಗುಳಿಗೆಯಾಗಿ ಬಂದದ್ದು. ಹಚ್ಚಿದ ಮೇಲೆ ಎದೆ ಡಬಡಬ ಹೊಡೆದುಕೊಳ್ಳುವುದು, ಎದ್ದು ನಿಂತರೆ ಕಣ್ಣು ಕತ್ತಲೆ ಬರುವುದು, ಪಾದ ಅಥವಾ ಮುಖ ಊದುವುದು ಇವೆಲ್ಲ ಔಷಧಿ ಹೆಚ್ಚಾಗಿ ಒಳಗೆ ಹೋದದ್ದರ ಗುರುತು. ನಿಮಗೆ ಇವುಗಳಲ್ಲಿ ಯಾವುದಾದರೂ ಆಗಿದ್ದರೆ ವೈದ್ಯರಿಗೆ ಹೇಳಿ. ದ್ರಾವಣದ ಆಲ್ಕೋಹಾಲ್ ಮತ್ತು ಗ್ಲೈಕಾಲ್ ಹಸಿ ಗಾಯಕ್ಕೆ ಇಳಿದದ್ದೇ ನಿಮ್ಮ ಖಾರ ಸವರಿದಂಥ ಉರಿಗೆ ಕಾರಣ.

ಉದ್ದ ಹೆಚ್ಚಿದಷ್ಟೂ ಲಾಭ ಹೆಚ್ಚು ಎನ್ನಲು ಆಧಾರವಿಲ್ಲ. ಮಿನಾಕ್ಸಿಡಿಲ್ ಜೊತೆಗೆ 0.6 ಮಿ.ಮೀ. ಮತ್ತು 1.2 ಮಿ.ಮೀ. ಆಳಗಳನ್ನು ಹೋಲಿಸಿ ನೋಡಿದ ಅಧ್ಯಯನದಲ್ಲಿ 0.6 ಹಿಂದೆ ಬೀಳಲಿಲ್ಲ, ನೋವು ಮಾತ್ರ ಕಡಿಮೆ ಇತ್ತು. ನೆತ್ತಿಯ ಚರ್ಮದ ಹೊರಪದರ ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ತೆಳು. ಅದನ್ನು ದಾಟಿ ರಕ್ತನಾಳಗಳಿರುವ ಒಳಪದರದ ಮೇಲ್ಭಾಗ ಮುಟ್ಟಲು ಅರ್ಧ ಮಿಲಿಮೀಟರ್ ಸಾಕು. ದಪ್ಪ ಕೂದಲಿನ ಗಡ್ಡೆ ಇರುವುದು ಮೂರ್ನಾಲ್ಕು ಮಿಲಿಮೀಟರ್ ಆಳದಲ್ಲಿ. ಅದನ್ನು 1.5ರ ಸೂಜಿಯೂ ಮುಟ್ಟುವುದಿಲ್ಲ, ಮುಟ್ಟಲೂಬಾರದು. ಅತಿಯಾಗಿ ಗಾಯವಾದ ಜಾಗದಲ್ಲಿ ಕಲೆಗಟ್ಟಿದರೆ ಅಲ್ಲಿ ಕೂದಲು ಎಂದಿಗೂ ಬರುವುದಿಲ್ಲ.

ಇನ್ನೊಂದು ಮಾತು. ಡಬ್ಬಿಯ ಮೇಲಿನ ಅಂಕಿ ಸೂಜಿಯ ಉದ್ದವೇ ಹೊರತು ಅದು ಇಳಿಯುವ ಆಳವಲ್ಲ. ರೋಲರಿನ ಸೂಜಿ ಓರೆಯಾಗಿ ಒಳಹೋಗಿ ಓರೆಯಾಗಿ ಹೊರಬರುತ್ತದೆ. ಎಷ್ಟು ಇಳಿಯಿತೆಂಬುದು ನಿಮ್ಮ ಕೈಯ ಭಾರದ ಮೇಲೆ ನಿಂತಿದೆ. ಉದ್ದ ಸೂಜಿ ಓರೆಯಾಗಿ ಹೊರಬರುವಾಗ ಚರ್ಮವನ್ನು ಸೀಳುತ್ತದೆ, ಕೂದಲನ್ನು ಸುತ್ತಿಕೊಂಡು ಕೀಳುತ್ತದೆ. ಹಾಗಾಗಿ ನೆತ್ತಿಗೆ ಉರುಳುವ ರೋಲರಿಗಿಂತ ನೇರವಾಗಿ ಒತ್ತುವ ಸ್ಟ್ಯಾಂಪ್ ವಾಸಿ. ಕ್ಲಿನಿಕ್ಕಿನಲ್ಲಾದರೆ ಆಳವನ್ನು ತಿರುವಿ ಹೊಂದಿಸುವ ಡರ್ಮಾಪೆನ್.

ನನ್ನ ಅಭಿಪ್ರಾಯ ಇಷ್ಟು: ಮನೆಯಲ್ಲಿ 0.5 ಮಿ.ಮೀ. ದಾಟಬೇಡಿ. 1 ರಿಂದ 1.5 ಮಿ.ಮೀ. ಬೇಕೆನಿಸಿದರೆ ಅದು ಕ್ಲಿನಿಕ್ಕಿನ ಕೆಲಸ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಕಡೆ ಚರ್ಮರೋಗ ತಜ್ಞರಿದ್ದಾರೆ. ಅಲ್ಲಿ ನೀವು ನೋಡಬೇಕಾದ್ದು ಒಂದೇ, ಸೂಜಿಯ ಕಾರ್ಟ್ರಿಜ್ ಅಥವಾ ರೋಲರ್ ಮುಚ್ಚಿದ ಪೊಟ್ಟಣದಿಂದ ನಿಮ್ಮ ಕಣ್ಣೆದುರಿಗೇ ಹೊರಬರಬೇಕು. "ಹೋದ ಸಲದ್ದು ನಿಮ್ಮ ಹೆಸರು ಬರೆದು ತೆಗೆದಿಟ್ಟೀವ್ರಿ" ಎಂದರೆ ಬೇಡವೆನ್ನಿ.

ಮತ್ತೆ ಶುರು ಮಾಡುವುದು ಯಾವಾಗ? ಗುಳ್ಳೆಗಳು ಪೂರ್ತಿ ಮಾಯಬೇಕು, ಹಕ್ಕಳೆ ಉದುರಬೇಕು, ಕೆಂಪು ಹೋಗಬೇಕು. ಆಮೇಲೂ ಎರಡು ವಾರ ಬಿಡಿ. ಲೆಕ್ಕಕ್ಕೆ ಇವತ್ತಿನಿಂದ ಕನಿಷ್ಠ ನಾಲ್ಕು ವಾರ ಎಂದಿಟ್ಟುಕೊಳ್ಳಿ. ಈ ನಡುವೆ ಉರಿ ನಿಂತ ಮೇಲೆ ವೈದ್ಯರು ಒಪ್ಪಿದರೆ ಮಿನಾಕ್ಸಿಡಿಲ್ ಮಾತ್ರ ಶುರು ಮಾಡಿ, ಹೊತ್ತಿಗೆ 1 ಮಿ.ಲೀ.ನಂತೆ ದಿನಕ್ಕೆ ಎರಡು ಸಲ. ಸೂಜಿ ಇಲ್ಲದೆಯೂ ತುರಿಕೆ ಬಂದರೆ ಪ್ರೊಪಿಲೀನ್ ಗ್ಲೈಕಾಲ್ ಇಲ್ಲದ ಫೋಮ್ ಬರೆದುಕೊಡಲು ಕೇಳಿ. ಸೋರಿಯಾಸಿಸ್, ಬಿಳಿಮಚ್ಚೆ, ಗಾಯ ಉಬ್ಬಿ ಬೆಳೆಯುವ ಕೀಲಾಯ್ಡ್ ಗುಣ, ಹಿಡಿತಕ್ಕೆ ಬಾರದ ಸಕ್ಕರೆ ಕಾಯಿಲೆ ಇದ್ದವರು, ರಕ್ತ ತೆಳುವಾಗಿಸುವ ಗುಳಿಗೆ ನುಂಗುವವರು ಮನೆಯಲ್ಲಿ ಇದಕ್ಕೆ ಕೈ ಹಾಕಲೇಬಾರದು. ಮೊದಲಿನ ಎರಡರಲ್ಲಿ ಚುಚ್ಚಿದ ಜಾಗದಲ್ಲೇ ಕಾಯಿಲೆ ಹೊಸದಾಗಿ ಮೂಡಬಹುದು.

ನಿಮ್ಮ ಮೊದಲ ಸರದಿ ಒಂದು ಶನಿವಾರ ಎಂದುಕೊಳ್ಳೋಣ. ಕೂದಲು ಸಣ್ಣದಾಗಿ ಕತ್ತರಿಸಿಕೊಳ್ಳುವುದಿದ್ದರೆ ಮೂರ್ನಾಲ್ಕು ದಿನ ಮೊದಲೇ ಮುಗಿಸಿ. ಅದೇ ದಿನ ಕ್ಷೌರದಂಗಡಿಗೆ ಹೋಗಿ ತಲೆಗೆ ಬ್ಲೇಡು ಮುಟ್ಟಿಸಿ ಬರಬೇಡಿ. ಶನಿವಾರ ಬೆಳಿಗ್ಗೆ ಮಿನಾಕ್ಸಿಡಿಲ್ ಹಚ್ಚಿ, ಅದೇ ಕೊನೆಯದು. ಸಂಜೆ ಶಾಂಪೂ ಹಾಕಿ ತಲೆ ತೊಳೆದು ಔಷಧಿಯ ಅಂಟು, ಎಣ್ಣೆ, ಹೊಟ್ಟು ಎಲ್ಲ ಹೋಗುವಂತೆ ಮಾಡಿ. ಬೋರ್‌ವೆಲ್ ನೀರಾಗಿದ್ದರೆ ಕೊನೆಗೆ ಕಾಯಿಸಿ ಆರಿಸಿದ ನೀರನ್ನು ಒಂದು ತಂಬಿಗೆ ಸುರಿದುಕೊಂಡು, ಅಂದೇ ಒಗೆದು ಒಣಗಿಸಿದ ಟವೆಲ್ಲಿನಿಂದ ಒರೆಸಿ ಪೂರ್ತಿ ಆರಲು ಬಿಡಿ. ಒದ್ದೆ ಚರ್ಮ ಮೆತ್ತಗಾಗಿ ಸೂಜಿ ಅಂದಾಜಿಗಿಂತ ಆಳಕ್ಕೆ ಇಳಿಯುತ್ತದೆ.

ಅಷ್ಟರಲ್ಲಿ ಸ್ಟ್ಯಾಂಪಿನ ತಲೆಭಾಗ ಶೇ 70ರ ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ 10 ನಿಮಿಷ ಮುಳುಗಿರಲಿ. ಔಷಧಿ ಅಂಗಡಿಯಲ್ಲಿ "ಸ್ಪಿರಿಟ್" ಎಂದಷ್ಟೇ ಕೇಳಬೇಡಿ, ಬಾಟಲಿಯ ಮೇಲೆ ಈ ಹೆಸರನ್ನೂ 70 ಎಂಬ ಅಂಕಿಯನ್ನೂ ಓದಿಕೊಳ್ಳಿ. ಶೇ 99ರದ್ದು ಇನ್ನೂ ಪ್ರಬಲ ಎಂದು ತೋರುತ್ತದೆ, ಆದರೆ ಅದು ಬೇಗ ಹಾರಿಹೋಗುತ್ತದೆ, ಸೂಕ್ಷ್ಮಾಣುವಿನ ಒಳಗೆ ಇಳಿದು ಕೆಲಸ ಮಾಡಲು ಆಲ್ಕೋಹಾಲಿಗೆ ನೀರಿನ ನೆರವು ಬೇಕು. ಡೆಟಾಲ್ ಬೆರೆಸಿದ ನೀರು ಈ ಕೆಲಸಕ್ಕಲ್ಲ. ತೆಳುವಾದರೆ ಕೊಲ್ಲುವುದಿಲ್ಲ, ಗಟ್ಟಿಯಾದರೆ ಸೂಜಿಯ ಮೇಲೆ ಅದರ ಅಂಶ ಉಳಿದು ನೆತ್ತಿಯನ್ನೇ ಸುಡುತ್ತದೆ. ಕುದಿಸುವುದೂ ಬೇಡ, ಪ್ಲಾಸ್ಟಿಕ್ ಸೊಟ್ಟಗಾಗಿ ಸೂಜಿ ಸಡಿಲವಾಗುತ್ತದೆ. ಆಲ್ಕೋಹಾಲಿನಿಂದ ತೆಗೆದ ಮೇಲೆ ಗಾಳಿಗೆ ತಾನೇ ಆರಲಿ. ಹತ್ತಿಯಿಂದ ಒರೆಸಿದರೆ ಎಳೆ ಸಿಕ್ಕಿಕೊಳ್ಳುತ್ತದೆ, ತುದಿ ಬಾಗುತ್ತದೆ. ಸೋಪಿನಿಂದ ಕೈ ತೊಳೆದು ಹೊಸ ಕೈಗವಸು ಹಾಕಿಕೊಳ್ಳಿ.

ಕೂದಲು ತೆಳುವಾದ ಜಾಗವನ್ನು ಬೈತಲೆ ತೆಗೆದು, ಮೂರು ಬೆರಳಗಲದ ತುಂಡುಗಳಾಗಿ ಮನಸ್ಸಿನಲ್ಲೇ ಗುರುತಿಸಿಕೊಳ್ಳಿ. ಒಂದು ಕೈಯಿಂದ ಚರ್ಮ ಬಿಗಿಯಾಗಿ ಹಿಡಿದು, ಇನ್ನೊಂದರಿಂದ ಸ್ಟ್ಯಾಂಪನ್ನು ನೇರವಾಗಿ ಒತ್ತಿ, ಪೂರ್ತಿ ಎತ್ತಿ, ಪಕ್ಕದಲ್ಲಿ ಮತ್ತೆ ಒತ್ತಿ. ಒತ್ತಿದ ಮೇಲೆ ಎಳೆಯಬಾರದು. ಹಿಡಿಕೆ ಎರಡು ಬೆರಳಿನಲ್ಲಿರಲಿ, ಮುಷ್ಟಿಯಲ್ಲಲ್ಲ. ಒಂದೊಂದು ತುಂಡಿನ ಮೇಲೂ ನಾಲ್ಕೈದು ಸುತ್ತು ಸಾಕು. ತೆಳು ಗುಲಾಬಿ ಬಣ್ಣ ಬಂದರೆ ಅಲ್ಲಿಗೆ ನಿಲ್ಲಿಸಿ. 0.5 ಮಿ.ಮೀ. ಸೂಜಿಯಲ್ಲಿ ರಕ್ತದ ಹನಿ ಕಂಡರೆ ಕೈ ಭಾರವಾಗಿದೆ, ಇಲ್ಲವೇ ಸೂಜಿಯ ತುದಿ ಕೊಕ್ಕೆಯಾಗಿದೆ. ಇಡೀ ಕೆಲಸಕ್ಕೆ ಹತ್ತು ನಿಮಿಷಕ್ಕಿಂತ ಹೆಚ್ಚು ಹಿಡಿಯುವುದಿಲ್ಲ. ಮರಗಟ್ಟಿಸುವ ಮುಲಾಮು ಬೇಕೆನಿಸುವಷ್ಟು ನೋವಾದರೆ ಅದು ಮನೆಯಲ್ಲಿ ಮಾಡಬಾರದ ಆಳ ಎಂದು ತಿಳಿಯಿರಿ.

ಮುಗಿದ ಮೇಲೆ ಔಷಧಿ ಅಂಗಡಿಯಲ್ಲಿ ಸಿಗುವ ಸ್ಟೆರೈಲ್ ಸಲೈನ್‌ನಲ್ಲಿ ಅದ್ದಿದ ಗಾಜ್‌ನಿಂದ ಮೆಲ್ಲಗೆ ಒತ್ತಿ ಹಾಗೇ ಬಿಡಿ. ಬೇರೇನೂ ಹಚ್ಚಬೇಡಿ. ನಮ್ಮ ಕಡೆ ಉಳ್ಳಾಗಡ್ಡಿ ರಸ, ಹರಳೆಣ್ಣೆ, ಅರಿಶಿನ, ಲಿಂಬೆಹುಳಿ ಎಂದು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಗಟ್ಟಿ ಚರ್ಮದ ಮೇಲೆ ಅವು ಏನು ಮಾಡುತ್ತವೆ ಎಂಬುದು ಬೇರೆ ಮಾತು, ತೂತಾದ ಚರ್ಮಕ್ಕೆ ಮಾತ್ರ ಅವು ಹೊರಗಿನ ಕಸ. ಮುಖಕ್ಕೆ ಸೂಜಿ ಹಾಕಿ ವಿಟಮಿನ್ ಸಿ ಸೀರಮ್ ಹಚ್ಚಿದವರಿಗೂ ಒಳಗೆ ಗಂಟು ಕಟ್ಟಿ ತಿಂಗಳುಗಟ್ಟಲೆ ಉಳಿದ ದಾಖಲೆಯಿದೆ. ಅಂದು ರಾತ್ರಿ ಒಗೆದ ದಿಂಬಿನ ಚೀಲ ಹಾಕಿಕೊಳ್ಳಿ, ಮರುದಿನ ಬಿಸಿಲು ಮತ್ತು ಬೆವರಿನ ಕೆಲಸ ತಪ್ಪಿಸಿ. ಬೈಕ್ ಓಡಿಸಲೇಬೇಕಾದರೆ ಹೆಲ್ಮೆಟ್ ಬಿಡಬೇಡಿ, ಅದರೊಳಗೆ ಒಗೆದ ಹತ್ತಿ ಬಟ್ಟೆ ಇಟ್ಟುಕೊಳ್ಳಿ. ಬಾಗಲಕೋಟೆಯ ಹೋಳಿ ದಿನಗಳಲ್ಲಿ, ಚಿಂಚಲಿ ಮಾಯಕ್ಕನ ಜಾತ್ರೆಯಂತೆ ಭಂಡಾರ ಎರಚುವ ಕಡೆ ಹೋಗುವ ವಾರದಲ್ಲಿ ಸರದಿಯನ್ನೇ ಮುಂದೂಡಿ. ಬಣ್ಣದ ಪುಡಿ ತೂತಿಗೆ ಇಳಿದರೆ ಹಚ್ಚೆಯಂತೆ ಒಳಗೇ ಉಳಿಯಬಹುದು.

ಶನಿವಾರ ರಾತ್ರಿಯ ಮತ್ತು ರವಿವಾರ ಬೆಳಗಿನ ಮಿನಾಕ್ಸಿಡಿಲ್ ಬಿಡಿ. ಸಂಜೆ 8ಕ್ಕೆ ಸೂಜಿ ಮುಗಿದಿದ್ದರೆ ರವಿವಾರ ರಾತ್ರಿ 9ಕ್ಕೆ ನೆತ್ತಿ ನೋಡಿಕೊಳ್ಳಿ. ಕೆಂಪಿಲ್ಲ, ಮುಟ್ಟಿದರೆ ಚುರುಕಿಲ್ಲ ಎಂದಾದರೆ ಹಚ್ಚಬಹುದು. ಹಚ್ಚಿದಾಗ ಉರಿದರೆ ತೊಳೆದುಕೊಂಡು ಸೋಮವಾರ ರಾತ್ರಿಯವರೆಗೆ ಕಾಯಿರಿ. ಎರಡು ವಾರಕ್ಕೆ 28 ಸಲ ಹಚ್ಚುವ ಔಷಧಿಯಲ್ಲಿ ಎರಡು ಸಲ ತಪ್ಪಿದರೆ ನಷ್ಟವೇನಿಲ್ಲ.

ಮುಂದಿನ ಸರದಿ ಎರಡು ವಾರ ಬಿಟ್ಟು ಬರುವ ಶನಿವಾರ. ಗಾಯದ ಮೊದಲ ಮೂರು ದಿನ ಉರಿಯೂತದ್ದು, ಹೊಸ ಅಂಗಾಂಶ ಕಟ್ಟುವ ಕೆಲಸ ಅಲ್ಲಿಂದ ಎರಡು ಮೂರು ವಾರ ನಡೆಯುತ್ತದೆ. ವಾರಕ್ಕೆರಡು ಸಲ ಉರುಳಿಸಿದಾಗ ನೀವು ಕಟ್ಟುವ ಕೆಲಸ ಶುರುವಾಗುತ್ತಿದ್ದಂತೆಯೇ ಅದನ್ನು ಕೆಡವುತ್ತಿದ್ದಿರಿ. ಮೂರು ಸರದಿಯ ನಂತರವೂ ಪ್ರತಿ ಸಲ ಎರಡು ದಿನದೊಳಗೆ ನೆತ್ತಿ ಮೊದಲಿನಂತಾಗುತ್ತಿದ್ದರೆ 0.5ರಲ್ಲಿ ವಾರಕ್ಕೊಮ್ಮೆಗೆ ತರಬಹುದು, ಅದಕ್ಕಿಂತ ಹತ್ತಿರ ಬೇಡ. ಕೆಂಪು ಮೂರು ದಿನ ದಾಟಿದರೆ ಅಂತರ ಹೆಚ್ಚಿಸಿ. ಕ್ಲಿನಿಕ್ಕಿನ ಆಳವಾದ ಸೂಜಿಗೆ ಎರಡರಿಂದ ನಾಲ್ಕು ವಾರದ ಅಂತರವನ್ನು ವೈದ್ಯರು ನಿಮ್ಮ ಚರ್ಮ ನೋಡಿ ಹೇಳುತ್ತಾರೆ. ಮುಂಬಯಿ ಅಧ್ಯಯನದ ವಾರದ ಲೆಕ್ಕ 12 ವಾರದ್ದು, ಅದನ್ನು ವರ್ಷಗಟ್ಟಲೆ ಎಳೆಯಬಹುದೆಂದು ಅದು ಹೇಳಿಲ್ಲ.

ಬಳಸಿದ ಸ್ಟ್ಯಾಂಪನ್ನು ಮೊದಲು ತಣ್ಣೀರಿನಲ್ಲಿ ಆಡಿಸಿ ಹೊಟ್ಟು ಮತ್ತು ರಕ್ತದ ಅಂಶ ತೆಗೆಯಿರಿ, ಆಮೇಲೆ ಆಲ್ಕೋಹಾಲ್. ತಿರುಗಾಮುರುಗಾ ಮಾಡಿದರೆ ಆಲ್ಕೋಹಾಲ್ ರಕ್ತವನ್ನು ಹೆಪ್ಪುಗಟ್ಟಿಸಿ ಸೂಜಿಗೆ ಅಂಟಿಸಿಬಿಡುತ್ತದೆ. ಇಷ್ಟಾದರೂ ಇದು ಶುದ್ಧಿ ಅಷ್ಟೇ, ಒತ್ತಡದ ಹಬೆಯಲ್ಲಿ ಸೂಕ್ಷ್ಮಾಣುಗಳನ್ನು ಕೊಲ್ಲುವ ಆಸ್ಪತ್ರೆಯ ಆಟೋಕ್ಲೇವ್ ಅಲ್ಲ. ಕೆಲವು ಸೂಕ್ಷ್ಮಾಣುಗಳ ಬೀಜಾಣು ಆಲ್ಕೋಹಾಲಿಗೆ ಸಾಯುವುದಿಲ್ಲ. ಆದ್ದರಿಂದ ನಾಲ್ಕೈದು ಸರದಿಗೆ ಹೊಸದು ಕೊಳ್ಳಿ, ತಲೆಭಾಗ ಬದಲಿಸುವಂಥದ್ದು ಸಿಕ್ಕರೆ ಪ್ರತಿ ಸಲ ಬದಲಿಸಿ. ಒಮ್ಮೆ ನೆಲಕ್ಕೆ ಬಿದ್ದರೆ ತುದಿ ಬಾಗಿರುತ್ತದೆ, ಬರಿಗಣ್ಣಿಗೆ ಕಾಣದಿದ್ದರೂ ಬಿಸಾಡಿ. ಹಾಗೆಂದು ಕಸದ ಗಾಡಿಗೆ ಹಾಕಬೇಡಿ, ಪೌರಕಾರ್ಮಿಕರ ಕೈಗೆ ಚುಚ್ಚುತ್ತದೆ. ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ ಮುಚ್ಚಳ ಬಿಗಿದು, ಸೂಜಿ ವಿಲೇವಾರಿ ಮಾಡುವ ಆಸ್ಪತ್ರೆಗೆ ಕೊಡಿ. ಈಗ ನಿಮ್ಮಲ್ಲಿರುವ 1.5ರ ರೋಲರಿನಿಂದಲೇ ಶುರು ಮಾಡಿ.

ಫಲ ಬಂತೋ ಇಲ್ಲವೋ ಎಂಬುದನ್ನು ಕನ್ನಡಿ ಹೇಳುವುದಿಲ್ಲ. ಮೊದಲ ಸರದಿಯ ಮುನ್ನ ಒಣ ಕೂದಲಿನಲ್ಲಿ, ಒಂದೇ ಬೈತಲೆ, ಒಂದೇ ಬೆಳಕು, ಒಂದೇ ದೂರದಿಂದ ನೆತ್ತಿಯ ಫೋಟೊ ತೆಗೆದಿಟ್ಟು, 12ನೇ ವಾರಕ್ಕೊಮ್ಮೆ, 24ನೇ ವಾರಕ್ಕೊಮ್ಮೆ ಹೋಲಿಸಿ. ನುಣುಪಾಗಿ ಹೊಳೆಯುವ ಜಾಗದಲ್ಲಿ ಬದಲಾವಣೆ ಕಾಣುವ ಸಾಧ್ಯತೆ ಕಡಿಮೆ, ತೆಳು ಕೂದಲಿನ್ನೂ ಇರುವ ಕಡೆ ಅವು ದಪ್ಪವಾದವೇ ಎಂದು ನೋಡಿ. 24 ವಾರಕ್ಕೂ ಎರಡು ಫೋಟೊ ಒಂದೇ ಥರ ಕಂಡರೆ ಸೂಜಿಯ ಉದ್ದ ಹೆಚ್ಚಿಸಬೇಡಿ, ಸೂಜಿಯನ್ನೇ ಬಿಡಿ. ಫೋಟೊಗಳನ್ನು ವೈದ್ಯರಿಗೆ ತೋರಿಸಿ, ಫಿನಾಸ್ಟರೈಡ್ ಗುಳಿಗೆ ನಿಮಗೆ ಹೊಂದುತ್ತದೆಯೇ, ಅದರ ಅಡ್ಡಪರಿಣಾಮಗಳೇನು ಎಂದು ಕೇಳಿ.